ಪ್ರೊಫೈಲ್ ಹೆಡ್‌ಲೈನ್ ಮೊದಲು ಬದಲಿಸಿ

"ಜಾಬ್ ಪೋರ್ಟಲ್‌ನಲ್ಲಿ ಪ್ರೊಫೈಲ್ ಮಾಡಿ ಮೂರು ತಿಂಗಳಾಯ್ತು, ಅಕೌಂಟ್ಸ್‌ನಲ್ಲಿ 4 ವರ್ಷ ಅನುಭವ ಇದೆ, ಒಂದು ಕರೆಯೂ ಇಲ್ಲ. ಈಗಿನ ಆಫೀಸಿಗೆ ಗೊತ್ತಾಗಬಾರದು."

ನಿಮ್ಮ ಹೆಡ್‌ಲೈನ್‌ನಲ್ಲಿ "ಶ್ರಮಜೀವಿ, ಅನುಭವಿ ವೃತ್ತಿಪರ" ಅನ್ನೋ ಥರದ ಮಾತಿದ್ದರೆ ಮೊದಲು ತೆಗೆದುಹಾಕಿ. ರಿಕ್ರೂಟರ್ ಆ ಪದ ಹಾಕಿ ಹುಡುಕುವುದೇ ಇಲ್ಲ. ಅವರು ಹುದ್ದೆಯ ಹೆಸರು, ಸಾಫ್ಟ್‌ವೇರ್ ಹೆಸರು ಟೈಪ್ ಮಾಡಿ, ಅನುಭವ, ಊರು, ನೋಟಿಸ್ ಅವಧಿ ನೋಡಿ ಸೋಸುತ್ತಾರೆ. ನಿಮಗೆ ಬೇಕಾದ ಕೆಲಸದ ಹತ್ತು ಜಾಹೀರಾತು ತೆರೆದು, ಮತ್ತೆ ಮತ್ತೆ ಬರುವ ಪದಗಳನ್ನು ಬರೆದುಕೊಳ್ಳಿ. ಅದರಲ್ಲಿ ನಿಜವಾಗಿ ಮಾಡಿರುವುದನ್ನು ಮಾತ್ರ ಅದೇ ಕಾಗುಣಿತದಲ್ಲಿ ಹಾಕಿ:

```
Accounts Executive | Tally, GST, Bank Reconciliation | 4 years
```

ಇದೇ ಪದಗಳು ಸ್ಕಿಲ್ಸ್ ಭಾಗದಲ್ಲೂ ಕೆಲಸದ ವಿವರದಲ್ಲೂ ಇರಲಿ.

ಎಷ್ಟೋ ರಿಕ್ರೂಟರ್‌ಗಳು ಇತ್ತೀಚೆಗೆ ಲಾಗಿನ್ ಆದವರನ್ನಷ್ಟೇ ನೋಡುತ್ತಾರೆ. ಹಾಗಾಗಿ ವಾರಕ್ಕೊಮ್ಮೆ ಒಳಗೆ ಹೋಗಿ ಏನಾದರೂ ಒಂದು ಸಾಲು ತಿದ್ದಿ ಸೇವ್ ಮಾಡಿ.

ಆಫೀಸಿನ ಭಯಕ್ಕೆ ಪ್ರೊಫೈಲನ್ನೇ ಮುಚ್ಚಿಡಬೇಡಿ, ಆಗ ಯಾರಿಗೂ ಕಾಣಲ್ಲ ಅಲ್ವಾ? ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಕಂಪನಿ ಬ್ಲಾಕ್ ಮಾಡುವ ಆಯ್ಕೆ ಇದ್ದರೆ ನಿಮ್ಮ ಕಂಪನಿಯ ಹೆಸರು ಸೇರಿಸಿ, ಅದರ ಸೋದರ ಕಂಪನಿಗಳದ್ದು ಬೇರೆಬೇರೆಯಾಗಿ. ಆದರೂ ನಿಮ್ಮ ಕಂಪನಿಗೆ ಜನ ಹುಡುಕಿಕೊಡುವ ಏಜೆನ್ಸಿಗೆ ನೀವು ಕಾಣಬಹುದು. ರೆಸ್ಯೂಮೆಯಲ್ಲಿ ಮನೆ ವಿಳಾಸ, ಜನ್ಮದಿನಾಂಕ ಸುಮ್ನೆ ಹಾಕಬೇಡಿ, ಆಫೀಸ್ ಇಮೇಲ್ ಅಂತೂ ಬೇಡವೇ ಬೇಡ.