ಸ್ಕ್ಯಾನ್ ಮಾಡಿದ ಫೋಟೋದ ಸುತ್ತಲಿನ ಪಟ್ಟಿ ತೆಗೆಯುವಾಗ ಚಿತ್ರ ಕತ್ತರಿಸಿ ಹೋಗದಂತೆ

ಪ್ರಶ್ನೆ: ಅಜ್ಜಿ ಮನೆಯ ಆಲ್ಬಮ್‌ನಿಂದ ಸುಮಾರು 140 ಫೋಟೋ ಸ್ಕ್ಯಾನ್ ಮಾಡಿದ್ದೇನೆ. ಸ್ಕ್ಯಾನರ್ ಮುಚ್ಚಳ ತೆರೆದೇ ಇಟ್ಟಿದ್ದರಿಂದ ಹೆಚ್ಚಿನವಕ್ಕೆ ಸುತ್ತ ಕಪ್ಪು ಪಟ್ಟಿ ಬಂದಿದೆ. ಕೆಲವಕ್ಕೆ ಬಿಳಿ ಅಂಚಿದೆ. ಆಟೋ ಕ್ರಾಪ್ ಕೊಟ್ಟರೆ ಕೆಲವು ಫೋಟೋಗಳಲ್ಲಿ ಪಟ್ಟಿ ಹಾಗೇ ಉಳಿಯುತ್ತೆ, ರಾತ್ರಿ ತೆಗೆದ ಮದುವೆ ಫೋಟೋಗಳಲ್ಲಿ ಮೇಲಿನ ಭಾಗವೇ ಹಾರಿಹೋಗುತ್ತೆ. ಚಿತ್ರಕ್ಕೆ ಏನೂ ಆಗದ ಹಾಗೆ ಪಟ್ಟಿ ಮಾತ್ರ ತೆಗೆಯೋದು ಹೇಗೆ? — ಸಾಗರದ ಓದುಗರು

ಉತ್ತರ: ನಿಮ್ಮ ಹತ್ತಿರ ಮೂಲ ಫೋಟೋಗಳು ಇನ್ನೂ ಇವೆ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಮೊದಲು ಒಂದು ಸ್ಕೇಲ್ ತೆಗೆದುಕೊಂಡು ಫೋಟೋದ ಉದ್ದ, ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆದು ಬರೆದಿಡಿ. ಈ ಎರಡು ಅಂಕಿಯೇ ಮುಂದೆ ನಿಮ್ಮನ್ನು ಕಾಯುವುದು. ಯಾಕೆ ಅಂತ ಹೇಳುತ್ತೇನೆ.

ಆಟೋ ಕ್ರಾಪ್ ಮಾಡುವ ತಂತ್ರಾಂಶಕ್ಕೆ ಫೋಟೋ ಯಾವುದು, ಪಟ್ಟಿ ಯಾವುದು ಅಂತ ಗೊತ್ತಿರುವುದಿಲ್ಲ. ಅದು ಮೂಲೆಯ ಬಣ್ಣವನ್ನು ನೋಡುತ್ತದೆ. ಆಮೇಲೆ ಹೊರಗಿನಿಂದ ಒಳಕ್ಕೆ ಒಂದೊಂದೇ ಸಾಲು ಪರೀಕ್ಷಿಸುತ್ತಾ ಬರುತ್ತದೆ. ಸಾಲಿನಲ್ಲಿರುವ ಎಲ್ಲಾ ಪಿಕ್ಸೆಲ್‌ಗಳೂ ಮೂಲೆಯ ಬಣ್ಣದಂತೆಯೇ ಇದ್ದರೆ ಆ ಸಾಲನ್ನು ತೆಗೆದುಹಾಕುತ್ತದೆ. ಒಂದೇ ಒಂದು ಪಿಕ್ಸೆಲ್ ಬೇರೆ ಕಂಡರೂ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಎರಡೂ ತೊಂದರೆ ಹುಟ್ಟುವುದು ಇಲ್ಲೇ. ಪಟ್ಟಿಯ ಮೇಲೆ ಒಂದು ಧೂಳಿನ ಕಣ ಇದ್ದರೆ ಸಾಕು, ತಂತ್ರಾಂಶ ಅದನ್ನೇ ಫೋಟೋ ಅಂದುಕೊಂಡು ನಿಂತುಬಿಡುತ್ತದೆ. ಫೋಟೋದ ಮೇಲ್ಭಾಗ ಪೂರ್ತಿ ರಾತ್ರಿಯ ಕತ್ತಲಾಗಿದ್ದರೆ ಅದನ್ನೂ ಪಟ್ಟಿ ಅಂದುಕೊಂಡು ತೆಗೆದುಹಾಕುತ್ತದೆ.

ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿರುವ Crop to Content ಕೂಡ ಸ್ಕ್ಯಾನ್‌ಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕೆ ಒಂದೇ ಸಮನಾದ ಬಣ್ಣ ಬೇಕು. ಸ್ಕ್ಯಾನರ್ ಕೊಡುವ ಕಪ್ಪು ಕಣ್ಣಿಗೆ ಒಂದೇ ಕಂಡರೂ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಚೂರು ಚೂರು ಬದಲಾಗುತ್ತಿರುತ್ತದೆ. ಅದಕ್ಕೇ ನಾನು ಇಮೇಜ್‌ಮ್ಯಾಜಿಕ್ ಬಳಸುತ್ತೇನೆ. ಅದು ಕಮಾಂಡ್ ಬರೆದು ನಡೆಸುವ ತಂತ್ರಾಂಶ, ಉಚಿತ. ಎಷ್ಟು ವ್ಯತ್ಯಾಸದವರೆಗೆ ಒಂದೇ ಬಣ್ಣ ಅಂತ ಎಣಿಸಬೇಕು ಎಂಬುದನ್ನು ನಾವೇ ಹೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕತ್ತರಿಸದೆ ಸುಮ್ನೆ ಅಳತೆ ಮಾತ್ರ ಕೇಳಬಹುದು.

ನನ್ನ ಕೈಗೆ ಬಂದಿದ್ದ ಒಂದು ಫೋಟೋವನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಅದೂ ರಾತ್ರಿ ಮದುವೆಯದೇ. ಮನೆ ಮುಂದಿನ ಚಪ್ಪರದಡಿ ಫ್ಲ್ಯಾಶ್ ಹಾಕಿ ತೆಗೆದದ್ದು. ಜನರ ಮೇಲೆ ಬೆಳಕಿದೆ, ಮೇಲುಗಡೆ ಬರೀ ಕತ್ತಲು. ಸ್ಕೇಲ್‌ನಲ್ಲಿ ಅಳೆದಾಗ 151 ಮಿ.ಮೀ. ಉದ್ದ, 101 ಮಿ.ಮೀ. ಎತ್ತರ ಇತ್ತು. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದ್ದರು. ಒಂದು ಇಂಚು ಅಂದರೆ 25.4 ಮಿ.ಮೀ. ಹಾಗಾಗಿ 151ನ್ನು 25.4ರಿಂದ ಭಾಗಿಸಿ 600ರಿಂದ ಗುಣಿಸಿದರೆ ಸುಮಾರು 3567 ಪಿಕ್ಸೆಲ್. ಅದೇ ಲೆಕ್ಕದಲ್ಲಿ ಎತ್ತರ ಸುಮಾರು 2386 ಪಿಕ್ಸೆಲ್. ಕತ್ತರಿಸಿದ ಮೇಲೆ ಚಿತ್ರ ಹೆಚ್ಚುಕಡಿಮೆ ಇಷ್ಟೇ ದೊಡ್ಡದಿರಬೇಕು.

ಅಳೆಯುವ ಮೊದಲು ಫೋಟೋ ನೆಟ್ಟಗಿದೆಯೇ ಅಂತ ನೋಡಬೇಕು. ಇದನ್ನು ಬಿಟ್ಟವರೇ ಜಾಸ್ತಿ. ಈ ಫೋಟೋದ ಎಡಬದಿಯ ಕಪ್ಪು ಪಟ್ಟಿ ಮೇಲ್ತುದಿಯಲ್ಲಿ ಕಿರಿದಾಗಿತ್ತು, ಕೆಳತುದಿಯಲ್ಲಿ ಅದಕ್ಕಿಂತ 19 ಪಿಕ್ಸೆಲ್ ಹೆಚ್ಚು ಅಗಲವಾಗಿತ್ತು. ಅಂದರೆ ಗಾಜಿನ ಮೇಲೆ ಫೋಟೋ ಸ್ವಲ್ಪ ಓರೆಯಾಗಿ ಕೂತಿತ್ತು. ಓರೆ ಇರುವಾಗಲೇ ಪಟ್ಟಿಯನ್ನು ಪೂರ್ತಿ ತೆಗೆಯಲು ಹೊರಟರೆ ಆ 19 ಪಿಕ್ಸೆಲ್‌ನ ಬೆಣೆಯಂಥ ಕಪ್ಪನ್ನು ಕಳೆಯಲು ಚಿತ್ರವನ್ನೂ ಅಷ್ಟು ಕತ್ತರಿಸಬೇಕಾಗುತ್ತದೆ. ಉದ್ದದ ಬದಿಯಲ್ಲಿ ಅದು 28 ಪಿಕ್ಸೆಲ್ ದಾಟುತ್ತದೆ, ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರಿಗೂ ಹೆಚ್ಚು. ಕೋನದ ಲೆಕ್ಕ ಸುಲಭ: 19ನ್ನು ಎತ್ತರ 2386ರಿಂದ ಭಾಗಿಸಿ 57.3ರಿಂದ ಗುಣಿಸಿದರೆ 0.46 ಡಿಗ್ರಿ. ಎಡಪಟ್ಟಿ ಕೆಳಗೆ ಅಗಲವಾಗಿದ್ದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಬೇಕು. ಮೇಲೆ ಅಗಲವಾಗಿದ್ದರೆ ಕೋನದ ಮುಂದೆ ಮೈನಸ್ ಹಾಕಿ.

```
magick scan.tif -background black -rotate 0.46 +repage nera.tif
```

ಕಮಾಂಡ್ ಬರೆಯುವುದು ಬೇಡ ಅನ್ನುವವರು ಗಿಂಪ್‌ನಲ್ಲಿ Measure ಉಪಕರಣ ತೆಗೆದುಕೊಂಡು, ಫೋಟೋದ ಅಂಚಿನ ಉದ್ದಕ್ಕೂ ಗೆರೆ ಎಳೆದು Straighten ಒತ್ತಿದರೆ ಅದೇ ಕೆಲಸ ಆಗುತ್ತದೆ. ತಿರುಗಿಸಿದಾಗ ಚಿತ್ರ ಕೂದಲೆಳೆಯಷ್ಟು ಮಸುಕಾಗುತ್ತದೆ. ಆದ್ದರಿಂದ ಒಂದೇ ಸಲ ತಿರುಗಿಸಿ, ಅದೂ ಮೂಲ ಸ್ಕ್ಯಾನಿನ ಪ್ರತಿಯಲ್ಲಿ. ಸಾಲದು ಅಂತ ಮತ್ತೆ ಮತ್ತೆ ತಿರುಗಿಸಬೇಡಿ. ಓರೆ 0.1 ಡಿಗ್ರಿಗಿಂತ ಕಡಿಮೆ ಇದ್ದರೆ ನಾನು ಮುಟ್ಟುವುದೇ ಇಲ್ಲ.

ಈಗ ಅಳತೆ ಕೇಳೋಣ.

```
magick nera.tif -statistic Median 9x9 -fuzz 10% -format "%@" info:
```

ಇದರಲ್ಲಿ `Median 9x9` ಧೂಳಿನ ಕಣ, ಕೂದಲಿನಂಥ ಚೂರುಗಳನ್ನು ಅಳಿಸುತ್ತದೆ. ನೇರವಾದ ಅಂಚನ್ನು ಮಾತ್ರ ಜರುಗಿಸುವುದಿಲ್ಲ. ಅಳಿಸುವುದು ಅಳತೆಯ ಮಟ್ಟಿಗೆ ಅಷ್ಟೇ, ನಿಮ್ಮ ಫೈಲ್ ಹಾಗೇ ಇರುತ್ತದೆ. `-fuzz` ಅಂದರೆ ಎಷ್ಟು ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ. ಕಪ್ಪು 0, ಬಿಳಿ 255 ಅಂತ ಇಟ್ಟುಕೊಂಡರೆ 10% ಅಂದರೆ ಸುಮಾರು 25. ನಿಮ್ಮಲ್ಲಿ ಹಳೆಯ 6ನೇ ಆವೃತ್ತಿ ಇದ್ದರೆ `magick` ಬದಲು `convert` ಬರೆಯಿರಿ.

ಬಂದ ಉತ್ತರ `3562x2231+27+171`. ಇದನ್ನು ಹೀಗೆ ಓದಬೇಕು: ಎಡದಿಂದ 27, ಮೇಲಿನಿಂದ 171 ಪಿಕ್ಸೆಲ್ ಬಿಟ್ಟು ಚಿತ್ರ ಶುರು. ಅಗಲ 3562, ಎತ್ತರ 2231. ಅಗಲ ಸ್ಕೇಲಿನ ಲೆಕ್ಕಕ್ಕೆ ಸರಿಹೊಂದುತ್ತದೆ. ಎತ್ತರ ಹೊಂದುವುದಿಲ್ಲ. 2386 ಇರಬೇಕಾದಲ್ಲಿ 155 ಪಿಕ್ಸೆಲ್ ಕಡಿಮೆ, ಅಂದರೆ ಆರೂವರೆ ಮಿಲಿಮೀಟರ್! ಸ್ಕೇಲ್ ಹಿಡಿದು ಅಳೆಯುವಾಗ ಅರ್ಧ ಮಿಲಿಮೀಟರ್ ತಪ್ಪಬಹುದು. ಅದು 12 ಪಿಕ್ಸೆಲ್. 155 ತಪ್ಪುವುದಿಲ್ಲ. ಸ್ಕೇಲ್ ಇಲ್ಲದಿದ್ದರೆ ಈ ಕಳವು ನನಗೆ ಗೊತ್ತೇ ಆಗುತ್ತಿರಲಿಲ್ಲ. ಕತ್ತರಿಸಿದ ಚಿತ್ರವನ್ನು ನೋಡಿದರೆ ಅದು ಪೂರ್ತಿ ಇರುವಂತೆಯೇ ಕಾಣುತ್ತಿತ್ತು.

ಹಾಗಾದರೆ ನಿಜವಾದ ಮೇಲಂಚು ಎಲ್ಲಿದೆ? ಕೆಳಂಚು 171 + 2231 = 2402ರಲ್ಲಿದೆ. ಅಲ್ಲಿ ಬೆಳಕಿದ್ದುದರಿಂದ ಅದನ್ನು ನಂಬಬಹುದು. 2402ರಲ್ಲಿ 2386 ಕಳೆದರೆ 16. ಮೇಲಂಚು 16ರ ಆಸುಪಾಸಿನಲ್ಲಿ ಇರಲೇಬೇಕು. ಕಣ್ಣಿನಿಂದಲೂ ನೋಡೋಣ ಅಂತ ಗಿಂಪ್‌ನ Levels ತೆರೆದು, ನಡುವಿನ ತ್ರಿಕೋನವನ್ನು ಎಡಕ್ಕೆ ಎಳೆದೆ. ಕತ್ತಲೆಲ್ಲ ತಿಳಿಯಾಯಿತು. ಚಪ್ಪರದ ಮೇಲೆ ಬಾಗಿದ್ದ ತೆಂಗಿನ ಗರಿಗಳು ಮಸುಕಾಗಿ ಕಂಡವು. ಅದರ ಮೇಲೆ, ಸುಮಾರು 17ನೇ ಸಾಲಿನಲ್ಲಿ, ಒಂದು ಸ್ಪಷ್ಟ ಗೆರೆ. ಗೆರೆಯ ಆಚೆ ಪಟ್ಟಿ, ಈಚೆ ಫೋಟೋ. (ನೋಡಿ ಆದ ಮೇಲೆ Cancel ಒತ್ತಿ, ಉಳಿಸಬೇಡಿ.)

ಆ ಗೆರೆ ಕಾಣುವುದಕ್ಕೂ ಒಂದು ಕಾರಣವಿದೆ. ಮುಚ್ಚಳ ತೆರೆದ ಗಾಜಿನ ಮೇಲೆ ಬೆಳಕನ್ನು ಹಿಂದಕ್ಕೆ ಕಳಿಸುವ ವಸ್ತುವೇ ಇಲ್ಲ. ಹಾಗಾಗಿ ಪಟ್ಟಿಯ ಕಪ್ಪು ತುಂಬಾ ಗಾಢ. ಈ ಸ್ಕ್ಯಾನಿನಲ್ಲಿ ಅದು 3ರಿಂದ 6. ಫೋಟೋ ಕಾಗದ ಎಷ್ಟೇ ಕಪ್ಪಾಗಿದ್ದರೂ ಅಷ್ಟಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಇಲ್ಲಿನ ರಾತ್ರಿ ಆಕಾಶ 17ರಿಂದ 20, ಗರಿಗಳು 22ರ ಹತ್ತಿರ. 10% ಅಂದರೆ 25, ಎಲ್ಲವೂ ಅದರೊಳಗೇ ಬಿದ್ದವು. ಆಕಾಶ ಪಟ್ಟಿಯ ಜೊತೆ ಹೋದದ್ದು ಅದಕ್ಕೇ. 4%ಗೆ ಇಳಿಸಿದರೆ ಮಿತಿ ಸುಮಾರು 10 ಆಗುತ್ತದೆ, ಪಟ್ಟಿಗೂ ಆಕಾಶಕ್ಕೂ ನಡುವೆ ಬೀಳುತ್ತದೆ. ಹಾಗೆ ಕೇಳಿದಾಗ `3562x2385+27+17` ಬಂತು. ಸ್ಕೇಲ್ ಹೇಳಿದ್ದೂ ಅದನ್ನೇ ಅಲ್ವಾ? ಆಮೇಲೆ ಕತ್ತರಿಸಿದೆ:

```
magick nera.tif -crop 3562x2385+27+17 +repage kattarisida.tif
```

ನಿಮ್ಮ ಸ್ಕ್ಯಾನರಿನಲ್ಲಿ ಈ ಅಂಕಿಗಳು ಬೇರೆ ಇರುತ್ತವೆ. ಗಿಂಪ್‌ನ Color Picker ಹಿಡಿದು ಪಟ್ಟಿಯಲ್ಲಿ ನಾಲ್ಕು ಕಡೆ, ಫೋಟೋದ ಅತಿ ಕಪ್ಪು ಜಾಗದಲ್ಲಿ ನಾಲ್ಕು ಕಡೆ ಒತ್ತಿ ನೋಡಿ. ಎರಡರ ನಡುವಿನ ಮಿತಿ ಆರಿಸಿಕೊಳ್ಳಿ. 140 ಫೋಟೋಗೂ ಒಂದೇ ಮಿತಿ ಹಾಕಬೇಡಿ. ಅಳತೆಗಳನ್ನು ಮಾತ್ರ ಒಟ್ಟಿಗೆ ತೆಗೆದು, ಸ್ಕೇಲಿನ ಲೆಕ್ಕಕ್ಕೆ 15-20 ಪಿಕ್ಸೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದವನ್ನು ಬೇರೆ ಇಟ್ಟು ಒಂದೊಂದಾಗಿ ನೋಡಿ. ಒಂದೇ ಆಲ್ಬಮ್ಮಿನಲ್ಲಿ ಒಂದೇ ಅಳತೆಯ ಫೋಟೋಗಳು ಬೇಕಾದಷ್ಟು ಇರುತ್ತವೆ, ಹಾಗಾಗಿ ಎಲ್ಲವನ್ನೂ ಅಳೆಯುವ ಕಷ್ಟ ಇರುವುದಿಲ್ಲ.

ಕತ್ತರಿಸಿದ ಮೇಲೂ ಅಂಚಿನಲ್ಲಿ ಎರಡು ಮೂರು ಪಿಕ್ಸೆಲ್‌ನ ನೆರಳು ಉಳಿಯಬಹುದು. ಅದು ಕಾಗದದ ದಪ್ಪದ ನೆರಳು. ಹಂಚುವ ಪ್ರತಿಯಲ್ಲಿ ಪ್ರತಿ ಬದಿಯಿಂದ 2 ಪಿಕ್ಸೆಲ್ ಒಳಗೆ ಕತ್ತರಿಸಿದರೆ ಹೋಗುತ್ತದೆ. ಕಾಪಾಡಿ ಇಡುವ ಪ್ರತಿಯಲ್ಲಿ ನಾನು ಅದನ್ನು ಹಾಗೇ ಬಿಡುತ್ತೇನೆ.

ಬಿಳಿ ಅಂಚಿನ ವಿಷಯಕ್ಕೆ ಬಂದರೆ, ಅದು ಯಾವ ಬಿಳಿ ಅಂತ ಮೊದಲು ನೋಡಿ. ಸ್ಕ್ಯಾನರ್ ಮುಚ್ಚಳದ ಬಿಳಿ ಒಂದು, ಫೋಟೋ ಕಾಗದದ್ದೇ ಆದ ಬಿಳಿ ಅಂಚು ಇನ್ನೊಂದು. ಹಳೆಯ ಕಪ್ಪು-ಬಿಳುಪು ಪ್ರಿಂಟುಗಳಿಗೆ ಇಂಥ ಅಂಚು ಇರುತ್ತಿತ್ತು. ಸ್ಟುಡಿಯೋ ಒತ್ತಿದ ಮುದ್ರೆ, ಮನೆಯವರು ಬರೆದ ತಾರೀಖು ಅದರ ಮೇಲೆಯೇ ಇರಬಹುದು. ಅದು ಫೋಟೋದ ಭಾಗ, ದಯವಿಟ್ಟು ಕತ್ತರಿಸಬೇಡಿ. ಆದರೆ ಹಳದಿಯಾದ ಕಾಗದ ಮತ್ತು ಬಿಳಿ ಮುಚ್ಚಳದ ನಡುವೆ ವ್ಯತ್ಯಾಸ ಕಡಿಮೆ. ತಂತ್ರಾಂಶ ಎರಡನ್ನೂ ಸೇರಿಸಿ ತೆಗೆದುಬಿಡುತ್ತದೆ. ಇಂಥವನ್ನು ಮತ್ತೆ ಸ್ಕ್ಯಾನ್ ಮಾಡುವುದೇ ಒಳ್ಳೆಯದು. ಫೋಟೋದ ಬೆನ್ನಿಗೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ಮುಚ್ಚಳ ಹಾಕಿ. ಅಂಚು ಎದ್ದು ಕಾಣುತ್ತದೆ, ಹಿಂಬದಿಯ ಬರಹ ಈಚೆ ಕಾಣುವುದೂ ನಿಲ್ಲುತ್ತದೆ. ರಾತ್ರಿ ಫೋಟೋಗಳಿಗೆ ಇದೇ ಉಪಾಯ ತಿರುವುಮುರುವು: ಬೆನ್ನಿಗೆ ಬಿಳಿ ಹಾಳೆ. ಯಾವುದೇ ಇರಲಿ, ಗಾಜಿನ ಮೂಲೆಗೆ ಒತ್ತಿ ಇಡಬೇಡಿ. ಸ್ಕ್ಯಾನರಿನ ಚೌಕಟ್ಟಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಚಿತ್ರ ಸಿಗದೇ ಹೋಗಬಹುದು. ಸುತ್ತ ಒಂದು ಸೆಂಟಿಮೀಟರ್ ಜಾಗ ಬಿಡಿ.

ಕೈಯಲ್ಲಿರುವುದು ಜೆಪೆಗ್ ಮಾತ್ರವೇ ಆಗಿದ್ದು, ಓರೆಯೂ ಇಲ್ಲದಿದ್ದರೆ, ಜೆಪೆಗ್‌ಟ್ರಾನ್ ಎಂಬ ಇನ್ನೊಂದು ಕಮಾಂಡ್ ತಂತ್ರಾಂಶ ಗುಣಮಟ್ಟ ಕೆಡಿಸದೆ ಕತ್ತರಿಸುತ್ತದೆ:

```
jpegtran -copy all -crop 3562x2385+27+17 -outfile hosa.jpg scan.jpg
```

ಜೆಪೆಗ್ ಚಿತ್ರ 8 ಅಥವಾ 16 ಪಿಕ್ಸೆಲ್‌ನ ಚೌಕಗಳಲ್ಲಿ ಕಟ್ಟಿರುತ್ತದೆ. ಎಡ ಮತ್ತು ಮೇಲಿನ ಕತ್ತರಿ ಚೌಕದ ಗೆರೆಯ ಮೇಲೇ ಬೀಳಬೇಕು. ಹಾಗಾಗಿ 16ರ ಚೌಕವಿದ್ದರೆ ಮೇಲಿನ 27 ಮತ್ತು 17 ಎರಡೂ 16ಕ್ಕೆ ಹಿಂದೆ ಸರಿಯುತ್ತವೆ. ಎಡಕ್ಕೆ 11, ಮೇಲೆ 1 ಪಿಕ್ಸೆಲ್ ಕಪ್ಪು ಉಳಿಯುತ್ತದೆ. ಜರುಗುವುದು ಯಾವಾಗಲೂ ಹೊರಕ್ಕೆ, ಆದ್ದರಿಂದ ಚಿತ್ರಕ್ಕೆ ಪೆಟ್ಟಿಲ್ಲ.

ಕತ್ತರಿಯಲ್ಲಿ ಕೈಯಾರೆ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದ ಫೋಟೋಗಳೂ ನಿಮ್ಮಲ್ಲಿ ಇರಬಹುದು. ಅವುಗಳ ನಾಲ್ಕು ಬದಿಯೂ ನೇರ ಇರುವುದಿಲ್ಲ. ಯಾವ ಕೋನಕ್ಕೆ ತಿರುಗಿಸಿದರೂ ಒಂದು ಬದಿಯಲ್ಲಿ ಬೆಣೆ ಉಳಿದೇ ಉಳಿಯುತ್ತದೆ. ಅಲ್ಲಿ ಆ ಚೂರು ಪಟ್ಟಿಯನ್ನು ಉಳಿಸಿಕೊಳ್ಳಿ.