ಮುಟ್ಟುಗಳ ನಡುವೆ ಕಾಣುವ ರಕ್ತದ ಕಲೆ

“ನನಗೆ 23 ವರ್ಷ, ಗರ್ಭನಿರೋಧಕ ಯಾವುದೂ ಇಲ್ಲ. ಮುಟ್ಟು 30 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ. ಆದರೆ ಎರಡು ತಿಂಗಳಿಂದ 16ನೇ ದಿನದ ಹೊತ್ತಿಗೆ ಕಂದು ಕಲೆ ಕಾಣುತ್ತಿದೆ. ಸಾಮಾನ್ಯ ಕಾರಣ ಏನು?”

ಲೈಂಗಿಕ ಸಂಪರ್ಕವಿದ್ದರೆ, ಉಳಿದ ಯಾವುದನ್ನೂ ಯೋಚಿಸುವ ಮೊದಲು ಮೂತ್ರದ ಗರ್ಭಪರೀಕ್ಷೆ ಮಾಡಿಕೊಳ್ಳಿ; ಗರ್ಭದ ಆರಂಭದ ರಕ್ತಸ್ರಾವವನ್ನು ಎಷ್ಟೋ ಮಂದಿ ಮುಟ್ಟಿನ ಏರುಪೇರೆಂದೇ ಭಾವಿಸುತ್ತಾರೆ.

ಅದು ನೆಗೆಟಿವ್ ಆದರೆ, ನೀವು ಹೇಳಿದ ದಿನವೇ ಒಂದು ಸುಳಿವು. ಅಂಡಾಣು ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 30 ದಿನಗಳ ಚಕ್ರದಲ್ಲಿ ಅದು 16ನೇ ದಿನದ ಆಸುಪಾಸಿಗೆ ಬರುತ್ತದೆ. ಆ ಹೊತ್ತಿಗೆ ಈಸ್ಟ್ರೋಜೆನ್ ಸ್ವಲ್ಪಕಾಲ ಇಳಿಯುವುದರಿಂದ ಗರ್ಭಕೋಶದ ಒಳಪದರ ತುಸು ಸಡಿಲಗೊಂಡು, ಒಂದೆರಡು ದಿನ ಗುಲಾಬಿ ಅಥವಾ ಕಂದು ಕಲೆ ಕಾಣಬಹುದು. ಜೊತೆಗೆ ಮೊಟ್ಟೆಯ ಬಿಳಿಭಾಗದಂತೆ ಎಳೆಯೆಳೆಯಾಗಿ ಹಿಗ್ಗುವ ತಿಳಿ ಸ್ರಾವವಿದ್ದು, ಸುಮಾರು ಎರಡು ವಾರಕ್ಕೆ ಮುಟ್ಟು ಬಂದರೆ ಈ ಕಾರಣವೇ ಹೆಚ್ಚು ಸಂಭವನೀಯ. ಇದಕ್ಕೆ ಚಿಕಿತ್ಸೆ ಬೇಕಿಲ್ಲ.

ಕಲೆ ಗೊತ್ತುಗುರಿಯಿಲ್ಲದ ದಿನಗಳಲ್ಲಿ ಕಂಡು, ಮುಟ್ಟೂ ಮುಂದೆ ಹೋಗುತ್ತಿದ್ದರೆ ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿಸಿಓಎಸ್ ಅಥವಾ ಥೈರಾಯ್ಡ್ ತೊಂದರೆಯನ್ನು ನೋಡಬೇಕಾಗುತ್ತದೆ. ಸಂಭೋಗದ ನಂತರವೇ ಕಂಡರೆ ಮೂಲ ಬಹುಪಾಲು ಗರ್ಭಕಂಠದಲ್ಲಿರುತ್ತದೆ: ಅಲ್ಲಿನ ಮೃದು ಪದರ ಹೊರಚಾಚಿರುವುದು ನಿರಪಾಯಕಾರಿ, ಆದರೆ ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಾಮಿಡಿಯಾ ಸೋಂಕು ಬೇರೆ ಲಕ್ಷಣವಿಲ್ಲದೆಯೂ ಇರಬಲ್ಲದು, ಅದನ್ನು ಸ್ವಾಬ್ ಅಥವಾ ಮೂತ್ರ ಪರೀಕ್ಷೆಯಿಂದ ಪತ್ತೆಹಚ್ಚಿ, ಆಂಟಿಬಯಾಟಿಕ್‌ನಿಂದ ಗುಣಪಡಿಸುತ್ತಾರೆ. ನಿಮ್ಮ ವಯಸ್ಸಿನಲ್ಲಿ ಕ್ಯಾನ್ಸರ್ ತೀರಾ ಅಪರೂಪ.

ಇನ್ನೂ ಎರಡು ಚಕ್ರಗಳಲ್ಲಿ ದಿನ, ಬಣ್ಣ, ಪ್ರಮಾಣ ಬರೆದಿಟ್ಟುಕೊಳ್ಳಿ. ಕ್ರಮ ತಪ್ಪಿದರೆ ಸ್ತ್ರೀರೋಗ ತಜ್ಞರಿಗೆ ಅದನ್ನೇ ತೋರಿಸಿ. ಹೊಟ್ಟೆಯ ಕೆಳಭಾಗದ ಒಂದು ಪಕ್ಕದಲ್ಲಿ ತೀವ್ರ ನೋವು, ತಲೆಸುತ್ತು, ಜ್ವರ ಅಥವಾ ಹೆಚ್ಚು ರಕ್ತಸ್ರಾವವಿದ್ದರೆ ಮಾತ್ರ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.