ವಾರದ ರಿಪೋರ್ಟ್‌ನಲ್ಲಿ ಆಂಬರ್ ಯಾವಾಗ, ರೆಡ್ ಯಾವಾಗ?

ಪ್ರಶ್ನೆ: ಚಿತ್ರದುರ್ಗದಲ್ಲಿ ಒಬ್ರು ಕಾಂಟ್ರಾಕ್ಟರ್ ಹತ್ರ ಸೈಟ್ ಇಂಜಿನಿಯರ್ ಆಗಿದ್ದೀನಿ. ಪ್ರತಿ ಶನಿವಾರ ಸ್ಟೇಟಸ್ ರಿಪೋರ್ಟ್ ಕಳಿಸ್ಬೇಕು, ರೆಡ್ ಆಂಬರ್ ಗ್ರೀನ್ ಹಾಕಿ. ಮ್ಯಾನೇಜರ್ ಯಾವಾಗ್ಲೂ ಗ್ರೀನೇ ಹಾಕು ಅಂತಾರೆ. ಆಂಬರ್ ಯಾವಾಗ ಹಾಕ್ಬೇಕು, ರಿಸ್ಕ್ ಬಗ್ಗೆ ಹೆಂಗೆ ಬರೀಬೇಕು?

ನಾನು ದಾವಣಗೆರೆ ಕಡೆ ಗೋಡೌನ್, ಶೆಡ್ ಕೆಲಸಗಳ ಪ್ಲಾನಿಂಗ್ ನೋಡ್ಕೊಳ್ತೀನಿ, ಅದರ ಮೇಲೆ ಹೇಳ್ತೀನಿ. ಮೊದಲು ಒಂದು ತಲೇಲಿ ಇಟ್ಕೊಳ್ರಿ, ಬಣ್ಣ ಅನ್ನೋದು ಈ ವಾರ ಕೆಲಸ ಎಷ್ಟಾಯ್ತು ಅನ್ನೋದಕ್ಕಲ್ಲ, ಇದೇ ಸ್ಪೀಡಲ್ಲಿ ಹೋದ್ರೆ ಕೊನೆ ತಾರೀಖಿಗೆ ಮುಗಿಯುತ್ತಾ ಅನ್ನೋದಕ್ಕೆ. ಮುಗಿಯುತ್ತೆ, ಯಾರ ಸಹಾಯನೂ ಬೇಡ ಅಂದ್ರೆ ಗ್ರೀನ್. ತಡ ಆಗ್ತಿದೆ, ಆದ್ರೆ ನಮ್ಮ ಕೈಲಿರೋ ದುಡ್ಡು, ಜನ, ಉಳಿದಿರೋ ದಿನ ಇಷ್ಟರಲ್ಲೇ ಸರಿ ಮಾಡ್ಬಹುದು, ಹೆಂಗೆ ಅಂತ ದಾರಿನೂ ಗೊತ್ತಿದೆ ಅಂದ್ರೆ ಆಂಬರ್. ನಮ್ಮ ಕೈಲಿ ಆಗಲ್ಲ, ಮೇಲಿನವರು ದುಡ್ಡೋ ತಾರೀಖೋ ಕೆಲಸದ ಅಳತೆನೋ ಏನಾದ್ರೂ ಒಂದು ಬದಲಾಯಿಸ್ಲೇಬೇಕು ಅಂದ್ರೆ ರೆಡ್. ಆಂಬರ್‌ಗೂ ರೆಡ್‌ಗೂ ಇರೋ ವ್ಯತ್ಯಾಸ ತೊಂದರೆ ಎಷ್ಟು ದೊಡ್ಡದು ಅನ್ನೋದಲ್ಲ, ಸರಿ ಮಾಡೋ ಅಧಿಕಾರ ಯಾರ ಕೈಲಿದೆ ಅನ್ನೋದು.

ಒಂದು ಕೆಲಸದ ಲೆಕ್ಕ ಕೊಡ್ತೀನಿ. ಮೆಕ್ಕೆಜೋಳದ ಗೋಡೌನ್, ಸ್ಟೀಲ್ ಶೆಡ್, ಒಟ್ಟು 24 ಫೂಟಿಂಗ್. ನಮ್ಮ ಪ್ಲಾನ್‌ನಲ್ಲಿ ಅಕ್ಟೋಬರ್ 5ಕ್ಕೆ ಮಾಲೀಕರಿಗೆ ಒಪ್ಪಿಸೋದು, ಮಾಲು ಬರೋಕೆ ಶುರು ಆಗುತ್ತೆ ಅಂತ ಅವರು ಇಟ್ಕೊಂಡಿದ್ದ ಕಡೇ ದಿನ ಅಕ್ಟೋಬರ್ 20, ಅಂದ್ರೆ ಮಧ್ಯೆ 15 ದಿನದ ಅವಕಾಶ. ಫೂಟಿಂಗ್ ಎಲ್ಲಾ ಆಗಸ್ಟ್ 8ಕ್ಕೆ ಮುಗಿಬೇಕಿತ್ತು, ವಾರಕ್ಕೆ 6ರ ಲೆಕ್ಕ. ಆಗಸ್ಟ್ 2ಕ್ಕೆ ಆಗಿದ್ದು 14. ಎರೆ ಮಣ್ಣು, ಮಳೆಗಾಲ, ಗುಂಡಿ ತೋಡಿ ಬಿಟ್ರೆ ರಾತ್ರಿ ನೀರು ನಿಲ್ಲುತ್ತೆ, ಬದಿ ಕುಸಿಯುತ್ತೆ, ತಳದ ಮಣ್ಣು ಮೆತ್ತಗಾಗುತ್ತೆ, ಆ ಮೆತ್ತಗಾದ ಪದರ ಪೂರ್ತಿ ತೆಗೆದು ಮತ್ತೆ ಲೆವೆಲ್ ಮಾಡಿ ಆಮೇಲೆನೇ ಬೆಡ್ ಕಾಂಕ್ರೀಟ್ ಹಾಕ್ಬೇಕು, ಹಿಂಗಾಗಿ ವಾರಕ್ಕೆ 3 ಫೂಟಿಂಗ್ ಮೇಲೆ ಹೋಗ್ತಿರ್ಲಿಲ್ಲ.

ಆ ವಾರ ಸೈಟಿಂದ ಬಂದ ಕರಡಲ್ಲಿ ಇದ್ದಿದ್ದು ಹಿಂಗೆ: "ಫೂಟಿಂಗ್ 58% ಪೂರ್ಣ. ಮಳೆಯಿಂದ ಸ್ವಲ್ಪ ವಿಳಂಬ, ನಿಗಾ ವಹಿಸಲಾಗಿದೆ. ಗ್ರೀನ್." ಅಂಕಿಯಲ್ಲಿ ಸುಳ್ಳಿಲ್ಲ, ಆದ್ರೆ ಓದಿದವರಿಗೆ ಏನೂ ತಿಳಿಯಲ್ಲ. ಪರ್ಸೆಂಟ್ ಬಿಟ್ಟು ಉಳಿದಿದ್ದನ್ನ ಲೆಕ್ಕ ಹಾಕ್ರಿ. ಉಳಿದಿದ್ದು 10, ವಾರಕ್ಕೆ 3 ಅಂದ್ರೆ ಮೂರು ವಾರ ದಾಟಿ ಆಗಸ್ಟ್ 25ರ ಹೊತ್ತಿಗೆ ಮುಗಿಯುತ್ತೆ, 17 ದಿನ ತಡ. ಫೂಟಿಂಗ್ ಎಲ್ಲಾ ಮುಗಿದ ಮೇಲೆ ಒಂದೇ ಸಲ ಕ್ರೇನ್ ತರಿಸಿ ಕಂಬ ನಿಲ್ಸೋ ಪ್ಲಾನ್ ಇದ್ದಿದ್ರಿಂದ ಆ 17 ದಿನ ಹಂಗೇ ಕೊನೆಗೆ ಹೋಗಿ ಸೇರುತ್ತೆ, ಅಕ್ಟೋಬರ್ 22 ಆಗುತ್ತೆ. ಇದ್ದ 15 ದಿನದ ಅವಕಾಶ ಮುಗೀತು. ಆದ್ರೆ ಇನ್ನೊಂದು ಪಂಪ್ ಇಟ್ಟು, ಇವತ್ತು ತೋಡಿದ ಗುಂಡಿಗೆ ಇವತ್ತೇ ಬೆಡ್ ಕಾಂಕ್ರೀಟ್ ಹಾಕಿದ್ರೆ ವಾರಕ್ಕೆ 5 ಆಗ್ಬಹುದು, ಹಂಗಾದ್ರೆ ಆಗಸ್ಟ್ 16ಕ್ಕೆ ಮುಗಿದು ಅಕ್ಟೋಬರ್ 13ಕ್ಕೆ ಒಪ್ಪಿಸ್ಬಹುದು. ಪಂಪ್ ಬಾಡಿಗೆ ಸೈಟ್ ಖರ್ಚಲ್ಲೇ ಬರ್ತಿತ್ತು, ಅದಕ್ಕೇ ಆಂಬರ್. ಆ ಬಾಡಿಗೆಗೂ ಮಾಲೀಕರ ಒಪ್ಪಿಗೆ ಬೇಕಿದ್ದಿದ್ರೆ ಒಪ್ಪಿಗೆ ಸಿಗೋವರೆಗೆ ರೆಡ್ಡೇ ಹಾಕ್ತಿದ್ದೆ.

ಕಳಿಸಿದ್ದು ಹಿಂಗೆ: "ಆಂಬರ್. 24ರಲ್ಲಿ 14 ಫೂಟಿಂಗ್ ಆಗಿವೆ, ಇವತ್ತಿಗೆ 19 ಆಗಬೇಕಿತ್ತು. ಗುಂಡಿಯಲ್ಲಿ ನೀರು ನಿಂತು ತಳ ಮೆತ್ತಗಾಗುತ್ತಿದೆ. ಇದೇ ವೇಗವಾದರೆ ಹಸ್ತಾಂತರ ಅಕ್ಟೋಬರ್ 22. ಸೋಮವಾರದಿಂದ ಎರಡನೇ ಪಂಪ್, ತೋಡಿದ ದಿನವೇ ಬೆಡ್ ಕಾಂಕ್ರೀಟ್, ಹೀಗಾದರೆ ಅಕ್ಟೋಬರ್ 13. ಆಗಸ್ಟ್ 9ಕ್ಕೆ 19 ಆಗದಿದ್ದರೆ ರೆಡ್ ಮಾಡುತ್ತೇನೆ." ಆ ಕೊನೆ ಸಾಲು ತುಂಬಾ ಮುಖ್ಯ, ಅದನ್ನ ಬಿಡಬೇಡಿ. ಯಾವ ದಿನ ಯಾವ ಅಂಕಿ ನೋಡಿ ಬಣ್ಣ ಬದಲಾಯಿಸ್ತೀರಿ ಅಂತ ಮೊದ್ಲೇ ಬರೆದಿಟ್ರೆ ಮುಂದಿನ ಶನಿವಾರ ವಾದಾನೇ ಇರಲ್ಲ. ಹಿಂಗೆ ಗಡುವು ಇಲ್ದೆ ಆಂಬರ್ ಹಾಕಿದ್ರೆ ಅದು ವಾರಗಟ್ಟಲೆ ಆಂಬರ್ ಆಗೇ ಕೂರುತ್ತೆ, ಹಂಗೆ ಕೂತ ಆಂಬರ್ ಎಷ್ಟೋ ಸಲ ಒಳಗೆ ರೆಡ್ ಆಗಿರುತ್ತೆ.

ಆಗಸ್ಟ್ 9ಕ್ಕೆ ಆಗಿದ್ದು 18. ಒಂದೇ ಕಮ್ಮಿ, ಬಿಡ್ರಿ ಅಂತ ಸೈಟಲ್ಲಿ ಅಂದ್ರು, ನಾನು ರೆಡ್ ಹಾಕ್ದೆ, ಯಾಕಂದ್ರೆ ಎರಡು ಪಂಪ್ ಇಟ್ಟೂ 4 ಆಗಿದೆ ಅಂದ್ರೆ ನಮ್ಮ ಕೈಲಿದ್ದ ದಾರಿಯನ್ನ ನಾವು ಪೂರ್ತಿ ಬಳಸಿ ಆಯ್ತು, ಇನ್ನೊಂದು ಜೋರು ಮಳೆ ಬಂದ್ರೆ ತಡೆಯೋಕೆ ನಮ್ಮ ಹತ್ರ ಇನ್ನೇನೂ ಇರ್ಲಿಲ್ಲ. ರೆಡ್ ಹಾಕಿದ ಮೇಲೆ ಬರೀ ಕಷ್ಟ ಹೇಳ್ಬಾರ್ದು, ಏನು ತೀರ್ಮಾನ ಬೇಕು ಅಂತ ಕೇಳ್ಬೇಕು. ನಾವು ಕೇಳಿದ್ದು ಇಷ್ಟು: ಎಲ್ಲಾ ಫೂಟಿಂಗ್‌ಗೆ ಕಾಯೋದು ಬೇಡ, ಬ್ರೇಸಿಂಗ್ ಬರೋ ತುದಿಯಿಂದ ಮುಗಿದ ಫೂಟಿಂಗ್ ಮೇಲೆ ಕಂಬ ನಿಲ್ಸೋಕೆ ಶುರು ಮಾಡೋಣ, ಅದಕ್ಕೆ ಕ್ರೇನ್ ಎರಡು ಸಲ ಬರ್ಬೇಕು, ಎರಡನೇ ಸಲದ ಬಾಡಿಗೆಗೆ ಬುಧವಾರದೊಳಗೆ ಒಪ್ಪಿಗೆ ಬೇಕು. ಮಾಲೀಕರು ಮಂಗಳವಾರವೇ ಹೂಂ ಅಂದ್ರು. ಇದೇ ಮಾತು ಸೆಪ್ಟೆಂಬರ್‌ನಲ್ಲಿ ಕೇಳಿದ್ರೆ ಆ ದಾರಿನೇ ಇರ್ತಿರ್ಲಿಲ್ಲ.

ರಿಸ್ಕ್ ಬೇರೆ, ಆಗ್ಲೇ ಆಗಿಹೋದ ತೊಂದರೆ ಬೇರೆ, ಎರಡನ್ನೂ ಒಂದೇ ಸಾಲಲ್ಲಿ ಬರೀಬೇಡಿ. ಗುಂಡಿಗೆ ನೀರು ಬಂದಿದ್ದು ತೊಂದರೆ. ವೇಬ್ರಿಡ್ಜ್‌ಗೆ ಬೇಕಾದ ಕರೆಂಟ್ ಕನೆಕ್ಷನ್ ತಡ ಆಗ್ಬಹುದು ಅನ್ನೋದು ರಿಸ್ಕ್. "ಕರೆಂಟ್ ಸಮಸ್ಯೆ ಆಗಬಹುದು" ಅಂತ ಬರೆದ್ರೆ ಪ್ರಯೋಜನ ಇಲ್ಲ. ಕಾರಣ ಏನು, ಏನಾಗ್ಬಹುದು, ಆದ್ರೆ ಯಾವುದಕ್ಕೆ ಪೆಟ್ಟು, ಯಾವ ತಾರೀಖಿನವರೆಗೆ ಕಾಯ್ತೀವಿ, ಆಮೇಲೆ ಏನು ಮಾಡ್ತೀವಿ, ಇವಿಷ್ಟೂ ಬರ್ಬೇಕು: "ಎಸ್ಟಿಮೇಟ್ ಮಂಜೂರಾಗಿಲ್ಲ. ಆಗಸ್ಟ್ 30ರೊಳಗೆ ಆಗದಿದ್ದರೆ ವೇಬ್ರಿಡ್ಜ್ ಪರೀಕ್ಷೆಗೆ ಕರೆಂಟ್ ಇರುವುದಿಲ್ಲ. ಅಂದು ಬಾಡಿಗೆ ಜನರೇಟರ್ ಬುಕ್ ಮಾಡುತ್ತೇವೆ, ಜವಾಬ್ದಾರಿ ಎಲೆಕ್ಟ್ರಿಕಲ್ ಸೂಪರ್‌ವೈಸರ್."

ಒಟ್ಟಾರೆ ಬಣ್ಣಕ್ಕೆ ಸರಾಸರಿ ತೆಗೀಬೇಡಿ. ಖರ್ಚು, ಸಾಮಾನು, ಸ್ಟೀಲ್ ಫ್ಯಾಬ್ರಿಕೇಶನ್ ಎಲ್ಲಾ ಗ್ರೀನ್ ಇದ್ರೂ ಕೊನೆ ತಾರೀಖನ್ನ ಹಿಡಿದಿರೋ ಫೂಟಿಂಗ್ ರೆಡ್ ಅಂದ್ರೆ ಒಟ್ಟು ಕೆಲಸನೂ ರೆಡ್.

ಇನ್ನು ನಿಮ್ಮ ಮ್ಯಾನೇಜರ್ ವಿಷಯ. ಬಣ್ಣದ ಬಗ್ಗೆ ಶನಿವಾರ ಜಗಳ ಮಾಡೋದು ಬೇಡ, ಕೆಲಸ ಶುರು ಆಗೋವಾಗ್ಲೇ "ಅವಕಾಶದ ದಿನಗಳಲ್ಲಿ ಅರ್ಧ ಹೋದ್ರೆ ಆಂಬರ್, ಸರಿ ಮಾಡೋಕೆ ನಮ್ಮ ಕೈಲಿರೋ ದಾರಿ ಮುಗಿದ್ರೆ ರೆಡ್, ಆಗಬಹುದಾ ಸಾರ್?" ಅಂತ ಕೇಳಿ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ರಿ. ಮಧ್ಯದಲ್ಲಿದ್ರೂ ಪರ್ವಾಗಿಲ್ಲ, ಮುಂದಿನ ತಿಂಗಳಿಂದ ಹಿಂಗೆ ಮಾಡೋಣ ಅನ್ರಿ. ರೆಡ್ ಹಾಕೋ ದಿನ ರಿಪೋರ್ಟ್ ಹೋಗೋ ಮೊದ್ಲು ಫೋನ್ ಮಾಡಿ ಹೇಳಿ, ಅವರು ಮಾಲೀಕರ ಮುಂದೆ ಮೊದಲನೇ ಸಲ ಓದೋ ಹಂಗೆ ಆಗ್ಬಾರ್ದು, ಬಹಳಷ್ಟು ಮ್ಯಾನೇಜರ್‌ಗಳಿಗೆ ರೆಡ್‌ಗಿಂತ ಅದರ ಭಯ ಜಾಸ್ತಿ. ಅಷ್ಟಾದ್ರೂ ಅವರು ಗ್ರೀನ್ ಮಾಡಿಸಿದ್ರೆ ಬಣ್ಣ ಅವರಿಷ್ಟ ಆಗ್ಲಿ, ಕೆಳಗಿನ ಅಂಕಿ ಮತ್ತೆ ತಾರೀಖು ಮಾತ್ರ ಮುಟ್ಟೋಕೆ ಬಿಡ್ಬೇಡಿ. "24ರಲ್ಲಿ 14, ಆಗಬೇಕಿದ್ದಿದ್ದು 19" ಅಂತ ಗ್ರೀನ್ ಪಕ್ಕದಲ್ಲಿ ಕೂತ್ರೆ ಓದೋ ಮಾಲೀಕರೇ ಪ್ರಶ್ನೆ ಕೇಳ್ತಾರೆ.

ವಾಪಸ್ ಗ್ರೀನ್‌ಗೆ ತರೋವಾಗ್ಲೂ ಆತುರ ಬೇಡ. ಒಪ್ಪಿಗೆ ಸಿಕ್ತು ಅಂತ ನಾವು ಗ್ರೀನ್ ಮಾಡ್ಲಿಲ್ಲ, ಮೊದಲು ಆಂಬರ್‌ಗೆ ತಂದ್ವಿ, ಎರಡು ವಾರ ಪ್ಲಾನ್ ಪ್ರಕಾರ ಕಂಬ ನಿಂತ ಮೇಲೆ ಗ್ರೀನ್ ಹಾಕಿದ್ವಿ.